ಬಿಲಿರುಬಿನ್ ಪಕ್ಕದಲ್ಲಿ ಗಂಟೆ ಬರೆಯಲು ಶುರು ಮಾಡಿದ ಮೇಲೆ

ಶಿವಮೊಗ್ಗದಲ್ಲಿ ನವಜಾತ ಶಿಶು ಘಟಕದಲ್ಲಿ ಕೆಲಸ ಮಾಡುತ್ತೇನೆ. ಮೊದಲೆಲ್ಲ ನಾನು ಬರೆಯುತ್ತಿದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಮಾಲೆಗೆ ಒಂದೇ ಸಾಲು ಇರುತ್ತಿತ್ತು: "ಕಾಮಾಲೆ ಇತ್ತು, ಫೋಟೋಥೆರಪಿ ಕೊಡಲಾಯಿತು, ಕಡಿಮೆಯಾಗಿದೆ." ಒಂದು ದಿನ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಡಾಕ್ಟರೊಬ್ಬರು ಫೋನ್ ಮಾಡಿದರು. ನಾವು ಕಳಿಸಿದ್ದ ಒಂಬತ್ತು ದಿನದ ಮಗು ಅವರ ಮುಂದಿತ್ತು, ಮತ್ತೆ ಹಳದಿ ಕಾಣುತ್ತಿತ್ತು. "ಮೇಡಂ, ಕೊನೇ ರಿಪೋರ್ಟ್ ಲೈಟ್ ಕೆಳಗಿದ್ದಾಗಿನದಾ, ಲೈಟ್ ತೆಗೆದ ಮೇಲಿನದಾ?" ಎಂದು ಕೇಳಿದರು. ಲೈಟ್ ಎಂದರೆ ಅದೇ ಫೋಟೋಥೆರಪಿಯ ಬೆಳಕು. ಫೈಲ್ ತರಿಸಿ ನೋಡುವವರೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಆ ಮಗುವಿಗೆ ತೊಂದರೆಯಾಗಲಿಲ್ಲ. ಆದರೆ ಅಂದಿನಿಂದ ನಾನು ಸಮ್ಮರಿ ಬರೆಯುವ ರೀತಿಯೇ ಬದಲಾಯಿತು.

ಈ ಜೂನ್‌ನಲ್ಲಿ ಹೊಸನಗರ ತಾಲೂಕಿನ ನಗರದ ಕಡೆಯ ಒಂದು ಮಗು ನಮ್ಮಲ್ಲಿತ್ತು. ಅದರ ಸಮ್ಮರಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮಗು ಹುಟ್ಟಿದ್ದು ಜೂನ್ 12ರ ರಾತ್ರಿ 9:40ಕ್ಕೆ. 35 ವಾರ, 2100 ಗ್ರಾಂ. ತಾಯಿ ಓ ಪಾಸಿಟಿವ್, ಮಗು ಬಿ ಪಾಸಿಟಿವ್, ಡಿಸಿಟಿ ಎಂಬ ರಕ್ತಪರೀಕ್ಷೆ ಪಾಸಿಟಿವ್. ಅಂದರೆ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತಿದ್ದವು. ಏಳು ದಿನದ ಫೈಲ್ ಹತ್ತಿರ ಹತ್ತಿರ ಅರವತ್ತು ಪುಟ ಆಗಿತ್ತು. ಅದನ್ನು ಮೊದಲ ಪುಟದಿಂದ ಓದುತ್ತಾ ಬರೆದರೆ ಸಮ್ಮರಿ ಒಂದು ಡೈರಿಯಂತಾಗುತ್ತದೆ. ಹಾಗಾಗಿ ನಾನು ಮೊದಲು ಕಾಮಾಲೆಯ ಪಟ್ಟಿಯನ್ನೇ ಮಾಡಿಕೊಳ್ಳುತ್ತೇನೆ.

ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತುವೇ ಬಿಲಿರುಬಿನ್. ಅದು 11 ಎಂದರೆ ಅಷ್ಟಕ್ಕೇ ಏನೂ ಅರ್ಥವಿಲ್ಲ. ಹುಟ್ಟಿ 30 ಗಂಟೆಯಾದ ಮಗುವಿಗೆ ಅದು ಜಾಸ್ತಿ, ಐದನೇ ದಿನ ಅದೇ 11 ಇದ್ದರೆ ಎಷ್ಟೋ ಸಲ ಚಿಂತೆಯಿಲ್ಲ. ಹಾಗಾಗಿ ಪ್ರತಿ ಅಂಕಿಯ ಜೊತೆ ಮಗುವಿನ ವಯಸ್ಸನ್ನು ಗಂಟೆಯಲ್ಲಿ ಬರೆಯಬೇಕು. ಇಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಎದ್ದು ಕಾಣುವುದು ರಿಪೋರ್ಟ್ ಬಂದ ಸಮಯ. ನಮಗೆ ಬೇಕಿರುವುದು ರಕ್ತ ತೆಗೆದ ಸಮಯ. ಅದು ಸಿಸ್ಟರ್ ಬರೆದ ನೋಟ್ಸ್‌ನಲ್ಲಿರುತ್ತದೆ. ಈ ಮಗುವಿನ ಮೊದಲ ರಕ್ತ ತೆಗೆದದ್ದು 14ರ ಬೆಳಗಿನ ಜಾವ 4 ಗಂಟೆಗೆ, ರಿಪೋರ್ಟ್‌ನಲ್ಲಿದ್ದದ್ದು ಬೆಳಿಗ್ಗೆ 9:30. ರಿಪೋರ್ಟ್ ನೋಡಿ ಬರೆದಿದ್ದರೆ ಮಗುವಿಗೆ ಐದೂವರೆ ಗಂಟೆ ವಯಸ್ಸು ಹೆಚ್ಚಾಗುತ್ತಿತ್ತು. ಮೊದಲ ಎರಡು ದಿನದಲ್ಲಿ ಅಷ್ಟು ಅಂತರಕ್ಕೆ, ಯಾವ ವಯಸ್ಸಿಗೆ ಎಷ್ಟಾದರೆ ಲೈಟ್ ಕೊಡಬೇಕೆಂದು ತೋರಿಸುವ ಚಾರ್ಟ್‌ನ ಗೆರೆಯೇ ಮೇಲೆ ಹೋಗುತ್ತದೆ, ಅಂಕಿ ಸೌಮ್ಯವಾಗಿ ಕಾಣುತ್ತದೆ.

ಕೊನೆಗೆ ಸಮ್ಮರಿಯಲ್ಲಿ ಹೋದದ್ದು ಹೀಗೆ:

30 ಗಂಟೆ: 11.2, ಲೈಟ್‌ಗೆ ಮೊದಲು (ಚಾರ್ಟ್ ಗೆರೆಯ ಮೇಲೆ)
42 ಗಂಟೆ: 10.8, ಲೈಟ್ ಕೆಳಗೆ
60 ಗಂಟೆ: 10.1, ಲೈಟ್ ಕೆಳಗೆ
82 ಗಂಟೆ: 9.0, ಲೈಟ್ ಕೆಳಗೆ, ನಂತರ ಲೈಟ್ ತೆಗೆದದ್ದು
105 ಗಂಟೆ: 10.2, ಲೈಟ್ ತೆಗೆದು 22 ಗಂಟೆ ಆದ ಮೇಲೆ
ಮುಂದಿನ ಪರೀಕ್ಷೆ: ____ ಗಂಟೆ: ____

ಒಟ್ಟು 52 ಗಂಟೆ ಲೈಟ್ ಎಂದೂ ಕೆಳಗೆ ಬರೆದೆ. ಲಿವರ್ ತೊಂದರೆಯಿದ್ದರೆ ಏರುವ ಡೈರೆಕ್ಟ್ ಬಿಲಿರುಬಿನ್ 0.5 ಎಂಬುದನ್ನೂ ಬಿಡಲಿಲ್ಲ. ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು 105 ಗಂಟೆಯ ಸಾಲು. ಲೈಟ್ ತೆಗೆದ ಮೇಲೆ ಬಿಲಿರುಬಿನ್ ಸ್ವಲ್ಪ ಏರುತ್ತದೆ, ರಕ್ತಕಣ ಒಡೆಯುವ ಮಗುವಿನಲ್ಲಿ ಇನ್ನೂ ಜಾಸ್ತಿ ಏರಬಹುದು. 9.0ಕ್ಕೇ ಸಮ್ಮರಿ ನಿಲ್ಲಿಸಿದ್ದರೆ, ಮುಂದೆ 10.5 ಬಂದಾಗ ಊರಿನ ಡಾಕ್ಟರ್ ಮತ್ತೆ ಏರುತ್ತಿದೆ ಎಂದುಕೊಳ್ಳುತ್ತಿದ್ದರು. ಲೈಟ್ ಕೆಳಗಿದ್ದ ಮಗುವಿನ ಚರ್ಮದ ಬಣ್ಣವನ್ನು ಕಣ್ಣಿನಿಂದ ಅಳೆಯಲೂ ಆಗುವುದಿಲ್ಲ, ಚರ್ಮ ಬಿಳಿಚಿರುತ್ತದೆ. ರಕ್ತದ ಅಂಕಿಯೇ ಆಧಾರ.

ಕಾಮಾಲೆ ಏಕೆ ಬಂತು ಎಂಬುದನ್ನೂ ಸಮ್ಮರಿಯಲ್ಲಿ ಬರೆಯಬೇಕು. ಹಳದಿ ಹೋದ ಮೇಲೂ ಪ್ರತಿಕಾಯ ಕೆಲವು ವಾರ ಮಗುವಿನ ಮೈಯಲ್ಲೇ ಇರುತ್ತದೆ. ರಕ್ತಕಣ ಮೆಲ್ಲಗೆ ಒಡೆಯುತ್ತಲೇ ಇದ್ದು ಹಿಮೋಗ್ಲೋಬಿನ್ ಇಳಿಯಬಹುದು. "ಕಾಮಾಲೆ, ವಾಸಿಯಾಗಿದೆ" ಎಂದು ಓದಿದ ಯಾರಿಗೂ ಮೂರನೇ ವಾರ ಹಿಮೋಗ್ಲೋಬಿನ್ ನೋಡಬೇಕೆಂದು ಹೊಳೆಯುವುದಿಲ್ಲ.

ಹಾಲಿನ ವಿಷಯದಲ್ಲಿ ನೋಟ್ಸ್ ತುಂಬ "ಫೀಡ್ಸ್ ಟಾಲರೇಟೆಡ್" ಎಂದಿರುತ್ತದೆ. ಅದನ್ನು ನಾನು ಸಮ್ಮರಿಗೆ ತರುವುದಿಲ್ಲ. ಬಿಡುಗಡೆಯ ಹಿಂದಿನ 24 ಗಂಟೆಯ ಸಿಸ್ಟರ್ ಚಾರ್ಟ್ ತೆಗೆದು, ಮಗು ನಿಜಕ್ಕೂ ಏನು ಕುಡಿಯಿತೋ ಅದನ್ನು ಬರೆಯುತ್ತೇನೆ. ಈ ಮಗು ಮೊಲೆ ಹಿಡಿಯುತ್ತಿತ್ತು, ಆದರೆ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿತ್ತು. ಹಾಗಾಗಿ ಹೀಗೆ ಬರೆದೆ: "ಎರಡು ಗಂಟೆಗೊಮ್ಮೆ ಎದೆಗೆ ಹಾಕುವುದು. ಸರಿಯಾಗಿ ಕುಡಿಯದಿದ್ದರೆ ಹಿಂಡಿದ ಎದೆಹಾಲು 25 ಮಿಲಿ ಒಳಲೆಯಲ್ಲಿ. ರಾತ್ರಿಯೂ ಎಬ್ಬಿಸಿ ಕೊಡುವುದು." ಹನ್ನೆರಡು ಸಲ 25 ಎಂದರೆ 300 ಮಿಲಿ, ಎರಡು ಕಿಲೋ ಮಗುವಿಗೆ ಕಿಲೋಗೆ 150 ಆಯಿತು. ತೂಕದಲ್ಲಿ ಮೂರು ಅಂಕಿ ಕೊಟ್ಟೆ: ಹುಟ್ಟಿದಾಗ 2100, ತೀರಾ ಇಳಿದದ್ದು ನಾಲ್ಕನೇ ದಿನ 1960, ಮನೆಗೆ ಹೋಗುವಾಗ 2010. ಬರೀ 2100 ಮತ್ತು 2010 ಇದ್ದರೆ ಮಗು ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುವುದಿಲ್ಲ, ಅಲ್ವಾ?

ವಿಟಮಿನ್ ಡಿ ದಿನಕ್ಕೆ 400 ಯೂನಿಟ್ ಎಂದಷ್ಟೇ ಬರೆದರೆ ಸಾಲದು. ಕೆಲವು ಬಾಟಲಿಯಲ್ಲಿ ಒಂದು ಮಿಲಿಗೆ 400 ಇರುತ್ತದೆ, ಕೆಲವದರಲ್ಲಿ 800. ಬಾಟಲಿ ಕೈಯಲ್ಲಿ ಹಿಡಿದು, ಅದರ ಪ್ರಕಾರ ಎಷ್ಟು ಮಿಲಿ ಎಂದು ಬರೆದು ಡ್ರಾಪರ್ ಮೇಲೆ ಗುರುತು ತೋರಿಸಿದೆ.

ಅಷ್ಟರಲ್ಲಿ ಅಜ್ಜಿ ಕೇಳಿದರು: "ಬಜೆ ತೇಯ್ದು ಒಂಚೂರು ನೆಕ್ಕಿಸಬಹುದಾ ಡಾಕ್ಟ್ರಮ್ಮ?" ನಮ್ಮ ಮಲೆನಾಡಿನಲ್ಲಿ ಇದು ಇಲ್ಲದ ಬಾಣಂತನವೇ ಇಲ್ಲ. ಬೇಡ ಎಂದೆ, ಬರೆದೂ ಕೊಟ್ಟೆ: ಬಜೆ, ಜೇನು, ನೀರು ಯಾವುದೂ ಬೇಡ, ಎದೆಹಾಲು ಮಾತ್ರ. ಮಳೆಗಾಲಕ್ಕೆ ನುಸಿಗುಳಿಗೆ ಹಾಕಿ ಎತ್ತಿಟ್ಟ ಹಳೆ ಬಟ್ಟೆ ಮಗುವಿಗೆ ಸುತ್ತಬೇಡಿ ಎಂದೂ ಸೇರಿಸಿದೆ. ಆ ಗುಳಿಗೆಯ ಆವಿಗೆ ಕೆಲವು ಮಕ್ಕಳ ರಕ್ತಕಣ ಒಡೆಯುತ್ತದೆ.

ಲಸಿಕೆಗೆ ಮೂರು ಕಡೆ ನೋಡುತ್ತೇನೆ: ಹೆರಿಗೆ ಕೋಣೆಯ ರಿಜಿಸ್ಟರ್, ನಮ್ಮ ಫೈಲ್, ತಾಯಿ ಕಾರ್ಡ್. ಹೆಪಟೈಟಿಸ್ ಬಿ ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ್ದರಿಂದ ಸಾಮಾನ್ಯವಾಗಿ ಹೆರಿಗೆ ಕೋಣೆಯಲ್ಲೇ ಆಗಿರುತ್ತದೆ, ನಮ್ಮ ಫೈಲ್‌ನಲ್ಲಿ ಇರುವುದೇ ಇಲ್ಲ. ಈ ಮಗುವಿಗೂ ಹಾಗೇ ಆಗಿತ್ತು. ಬಿಸಿಜಿ ಮತ್ತು ಪೋಲಿಯೋ ಸೊನ್ನೆ ಡೋಸ್ ಬಿಡುಗಡೆಯ ದಿನ, 19ಕ್ಕೆ ಕೊಟ್ಟೆವು. "ಹುಟ್ಟಿದಾಗಿನ ಲಸಿಕೆ ಆಗಿದೆ" ಎನ್ನದೆ ಪ್ರತಿಯೊಂದಕ್ಕೂ ದಿನಾಂಕ ಹಾಕಿದೆ. ಮುಂದಿನದು ಜುಲೈ 24. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೂ ಆರು ವಾರವನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು.

ಇನ್ನು ಮರುಭೇಟಿ. "ಎರಡು ದಿನ ಬಿಟ್ಟು ಬನ್ನಿ" ಎಂದರೆ ಆ ಮಳೆಯಲ್ಲಿ, ಹಸಿ ಬಾಣಂತಿ, ಎರಡು ಬಸ್ ಬದಲಿಸಿ ಶಿವಮೊಗ್ಗಕ್ಕೆ ಬರುವುದು ಹೇಗೆ? ಜೂನ್ 21ಕ್ಕೆ ಹೊಸನಗರದ ತಾಲೂಕು ಆಸ್ಪತ್ರೆಯಲ್ಲಿ ತೂಕ ಮತ್ತು ಬಿಲಿರುಬಿನ್, ಜುಲೈ 3ಕ್ಕೆ ನಮ್ಮಲ್ಲಿ ಹಿಮೋಗ್ಲೋಬಿನ್ ಮತ್ತು ಕಿವಿ ಪರೀಕ್ಷೆ ಎಂದು ಬರೆದೆ. ಕಾಯದೆ ಬರಬೇಕಾದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ: ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಹಳದಿ ಅಂಗೈ ಅಂಗಾಲಿಗೆ ಬಂದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ.

ಜುಲೈ 3ಕ್ಕೆ ಅವರು ಬಂದರು. ಪ್ಲಾಸ್ಟಿಕ್ ಕವರ್‌ನಿಂದ ಅದೇ ಕಾಗದ ತೆಗೆದುಕೊಟ್ಟರು. ನಾನು ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಬೇರೆ ಯಾರದೋ ಕೈಬರಹ ಇತ್ತು: 204 ಗಂಟೆ: 9.1. ಪಕ್ಕದಲ್ಲಿ ತೂಕ 2060.