ಕಂತು ಮುಗಿದ ಗಾಡಿ ಪುಕ್ಕಟೆ ಓಡಲ್ಲ: ನಮ್ಮ ಡೆಲಿವರಿ ವ್ಯಾನ್ ಲೆಕ್ಕ

ಬೆಳಗಾವಿಯಲ್ಲಿ ನಮ್ಮದು ಬಿಸ್ಕಿಟ್, ಕುರುಕಲು ತಿಂಡಿಗಳ ಏಜೆನ್ಸಿ. 2018ರ ಶುರುವಿನಲ್ಲಿ ಒಂದೇ ತಿಂಗಳಲ್ಲಿ ಎರಡು ಸಣ್ಣ ಡೀಸೆಲ್ ವ್ಯಾನ್ ತಗೊಂಡೆವು. ಆನ್‌ರೋಡ್ ಒಂದೊಂದಕ್ಕೆ 5.20 ಲಕ್ಷದ ಹತ್ತಿರ ಬಿತ್ತು. ಎರಡೂ ಬೈಲಹೊಂಗಲ, ಸವದತ್ತಿ ಲೈನಿನಲ್ಲೇ ಓಡಿದವು. ಐದು ವರ್ಷ ತುಂಬಿದಾಗ ಒಂದನ್ನು ಮಾರೋಣ ಅಂದೆ. ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರೂ ನಕ್ಕರು. "ಕಂತು ಮುಗದದ, ಇನ್ನ ಗಾಡಿ ಪುಕ್ಕಟ ಓಡತದ. ಈಗ್ಯಾಕ ಮಾರ್ತಿಯೋ?" ಅಂದರು ನಮ್ಮ ಕಾಕಾ. ಕೊನೆಗೆ ಒಂದನ್ನು ನಾನು ಮಾರಿದೆ, ಇನ್ನೊಂದು ಕಾಕಾನ ಮಾತಿನ ಮೇಲೆ ಉಳಿಯಿತು. ಹೀಗಾಗಿ ನನ್ನ ಲೆಕ್ಕ ಸರಿಯೋ ತಪ್ಪೋ ನೋಡಲು ಕಣ್ಣೆದುರೇ ಗಾಡಿ ಇತ್ತು.

ಗಾಡಿಯನ್ನು ಯಾವ ವರ್ಷ ಮಾರಬೇಕು ಅಂತ ಮೊದಲ ಸಲ ಹಾಕಿದ ಲೆಕ್ಕದಿಂದ ಏನೂ ಗೊತ್ತಾಗಲಿಲ್ಲ. ಡ್ರೈವರ್ ಸಂಬಳ, ಡೀಸೆಲ್, ಟೈರ್, ಎಲ್ಲ ಒಂದೇ ಕಡೆ ಸುರಿದಿದ್ದೆ. ಸಂಬಳ ಹೊಸ ಗಾಡಿಗೂ ಅಷ್ಟೇ, ಹಳೇದಕ್ಕೂ ಅಷ್ಟೇ. ಅದನ್ನು ಹಾಕಿದರೂ ಬಿಟ್ಟರೂ ಮಾರುವ ವರ್ಷ ಬದಲಾಗಲ್ಲ, ಹಾಗಾಗಿ ತೆಗೆದೆ. ಡೀಸೆಲ್ ಇನ್ನೂ ಮೋಸ ಮಾಡಿತು. ಆ ಐದು ವರ್ಷದಲ್ಲಿ ಲೀಟರಿಗೆ 70ರ ಒಳಗಿದ್ದದ್ದು 80 ದಾಟಿ ಕೂತಿತ್ತು. ರೂಪಾಯಿ ನೋಡಿದರೆ ಗಾಡಿ ಮುದಿಯಾದ ಹಾಗೆ ಕಾಣುತ್ತದೆ, ನಿಜವಾಗಿ ಏರಿದ್ದು ಪಂಪಿನ ರೇಟು. ಅದಕ್ಕೆ ಲೀಟರ್ ಲೆಕ್ಕ ಹಿಡಿದೆ. ಮೈಲೇಜ್ 18ರಿಂದ 16ಕ್ಕೆ ಇಳಿದರೆ, ವರ್ಷಕ್ಕೆ 25 ಸಾವಿರ ಕಿ.ಮೀ. ಓಡುವ ಗಾಡಿ ಸುಮಾರು 170 ಲೀಟರ್ ಜಾಸ್ತಿ ಕುಡಿಯುತ್ತದೆ. ಆ ಜಾಸ್ತಿ ಲೀಟರನ್ನು ಮಾತ್ರ ಇವತ್ತಿನ ರೇಟಿನಲ್ಲಿ ಬರೆದೆ.

ಟೈರನ್ನು ಹಾಕಿಸಿದ ವರ್ಷಕ್ಕೆ ಬರೆಯದೆ, ಓಡಿದ ಕಿ.ಮೀ. ಮೇಲೆ ಹಂಚಿದೆ. ಇಲ್ಲದಿದ್ದರೆ ಟೈರ್ ಹಾಕಿಸಿದ ವರ್ಷವೇ ಕೆಟ್ಟ ವರ್ಷ ಅನ್ನಿಸುತ್ತದೆ.

ಇನ್ನು ಯಾರೂ ಬರೆಯದ ಖರ್ಚು ಒಂದಿದೆ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಬಾಡಿಗೆ ಗಾಡಿ ತರಬೇಕು, ನಮ್ಮ ಕಡೆ ಆಗ 2,500ರ ಆಸುಪಾಸು. ಅದರ ಬಿಲ್ಲು ರಿಪೇರಿ ಖಾತೆಗೆ ಬರೋದೇ ಇಲ್ಲ, ಸಾಗಾಟದ ಖಾತೆಗೆ ಹೋಗಿ ಕೂರುತ್ತದೆ. ಮೊದಲ ಮೂರು ವರ್ಷ ಇದು ಇಲ್ಲ ಅಂದರೂ ನಡೆಯುತ್ತೆ. ಆರನೇ ವರ್ಷ ಹತ್ತು ಹನ್ನೆರಡು ದಿನ ಹೀಗೆ ಹೋಯಿತು. ಅಲ್ಲೇ 30 ಸಾವಿರ ಆಯ್ತಲ್ವಾ?

ಮಾರಾಟದ ಬೆಲೆಗೆ ಆಡಿಟರ್ ಪುಸ್ತಕ ನಂಬಬೇಡಿ. ಸ್ವಂತ ವ್ಯಾಪಾರದ ಗಾಡಿಗೆ ಅವರು ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಕಳೆಯುತ್ತಾರೆ. ಅದು ತೆರಿಗೆಗೆ ಸರಿ, ಪೇಟೆಗೂ ಅದಕ್ಕೂ ಸಂಬಂಧ ಇಲ್ಲ. ಇನ್ಶೂರೆನ್ಸಿನವರು ಗಾಡಿಗೆ ಕಟ್ಟುವ ಬೆಲೆ, ಅಂದರೆ ಐಡಿವಿ ಕೂಡ ಬೇಡ. ಮೊಬೈಲಿನಲ್ಲಿ ಕಾಣುವ ಬೆಲೆ ಅಂತೂ ಮಾರುವವನ ಆಸೆ, ಕೈಗೆ ಬರೋದು ಅದಕ್ಕಿಂತ 30-40 ಸಾವಿರ ಕಡಿಮೆ. ನಾನು ಪ್ರತಿ ದೀಪಾವಳಿಗೆ ಇಬ್ಬರು ಏಜೆಂಟರ ಹತ್ತಿರ ಗಾಡಿ ಒಯ್ದು "ಇವತ್ತೇ ರೊಕ್ಕ ಕೊಡೋದಾದ್ರೆ ಎಷ್ಟು?" ಅಂತ ಕೇಳುತ್ತಿದ್ದೆ. ಇಬ್ಬರಲ್ಲಿ ಕಡಿಮೆ ಹೇಳಿದ್ದನ್ನೇ ಬರೆದೆ.

ನೆನಪಿನಿಂದ ಸುಮಾರಾಗಿ ಹೇಳುತ್ತೇನೆ, ಎಲ್ಲ ಸಾವಿರ ರೂಪಾಯಿಯಲ್ಲಿ. ವಯಸ್ಸಿನ ಖರ್ಚು ಅಂದರೆ ರಿಪೇರಿ, ಟೈರ್, ಜಾಸ್ತಿ ಕುಡಿದ ಡೀಸೆಲ್, ಬಾಡಿಗೆ ಗಾಡಿ ಎಲ್ಲ ಸೇರಿ. ಬಡ್ಡಿ ಅಂದರೆ ವರ್ಷದ ಶುರುವಿನ ಗಾಡಿ ಬೆಲೆಗೆ 10 ಪರ್ಸೆಂಟ್. ಆ ರೊಕ್ಕ ಸ್ಟಾಕಿನಲ್ಲಿ ಇದ್ದಿದ್ದರೆ ಅಷ್ಟಾದರೂ ದುಡಿಯುತ್ತಿತ್ತು.

| ವರ್ಷ | ಕೊನೆಗೆ ಮಾರಿದರೆ | ಬೆಲೆ ಇಳಿದದ್ದು | ವಯಸ್ಸಿನ ಖರ್ಚು | ಬಡ್ಡಿ | ಆ ವರ್ಷದ ಒಟ್ಟು | ಈವರೆಗಿನ ಸರಾಸರಿ |
|---|---|---|---|---|---|---|
| 1 | 420 | 100 | 15 | 52 | 167 | 167 |
| 2 | 360 | 60 | 22 | 42 | 124 | 146 |
| 3 | 310 | 50 | 38 | 36 | 124 | 138 |
| 4 | 270 | 40 | 50 | 31 | 121 | 134 |
| 5 | 235 | 35 | 62 | 27 | 124 | 132 |
| 6 | 200 | 35 | 105 | 23 | 163 | 137 |

ಕೊನೆಯ ಎರಡು ಕಾಲಂ ಅಷ್ಟೇ ನೋಡಿ. ಆ ವರ್ಷದ ಒಟ್ಟು ಸರಾಸರಿಗಿಂತ ಕೆಳಗೆ ಇರುವ ತನಕ ಸರಾಸರಿ ಇಳಿಯುತ್ತಲೇ ಹೋಗುತ್ತದೆ. ಆರನೇ ವರ್ಷ ಅದು ಮೇಲೆ ಹಾರಿತು, ಸರಾಸರಿಯನ್ನೂ ಮೇಲೆ ಎಳೆಯಿತು. ಆರನೇ ಸಾಲು ಕಾಕಾ ಉಳಿಸಿಕೊಂಡ ಗಾಡಿಯದು. ಕ್ಲಚ್, ಇಂಜೆಕ್ಟರ್, ಆಮೇಲೆ ಆ ಬಾಡಿಗೆ ಗಾಡಿಗಳು. ಆ ವರ್ಷ ಕಂತು ಒಂದು ರೂಪಾಯಿ ಇರಲಿಲ್ಲ, ಆದರೂ ಗಾಡಿ 1.63 ಲಕ್ಷ ತಿಂದಿತು.

ಸುಮ್ನೆ ನೋಡೋಣ ಅಂತ ಬಡ್ಡಿ ತೆಗೆದು ಲೆಕ್ಕ ಹಾಕಿದೆ. ಆಗ ನಾಲ್ಕನೇ ವರ್ಷಕ್ಕೇ ಮಾರು ಅನ್ನುತ್ತದೆ. ಬಡ್ಡಿ ಹಾಕಿದರೆ ಐದಕ್ಕೆ ಹೋಗುತ್ತದೆ. ಹೊಸ ಗಾಡಿಯಲ್ಲಿ ಜಾಸ್ತಿ ರೊಕ್ಕ ಸಿಕ್ಕಿಕೊಂಡಿರುತ್ತದೆ, ಹಳೇದರಲ್ಲಿ ಕಡಿಮೆ. ಹಾಗಾಗಿ ಬಡ್ಡಿ ಯಾವಾಗಲೂ ಹಳೇ ಗಾಡಿಯ ಕಡೆ ವಾಲುತ್ತದೆ. ಸಾಲ ದುಬಾರಿ ಇದ್ದವರು ಗಾಡಿ ಸ್ವಲ್ಪ ಜಾಸ್ತಿ ದಿನ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ.

ಇಲ್ಲಿಗೇ ನಿಲ್ಲಿಸಿದವರೂ ಇದ್ದಾರೆ, ಅವರಿಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಈ ಐದು ವರ್ಷ ಬಂದದ್ದು 5.20 ಲಕ್ಷದ ಗಾಡಿಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬೆಲೆ ಏರಿತು. ನಾನು ಮಾರುವ ಹೊತ್ತಿಗೆ ಅದೇ ಸೈಜಿನ ಗಾಡಿಗೆ 6.30ರ ಹತ್ತಿರ ಕೇಳುತ್ತಿದ್ದರು. ಹೊಸದಕ್ಕೆ ಇದೇ ಲೆಕ್ಕ ಹಾಕಿದರೆ ಅದರ ಅತಿ ಕಡಿಮೆ ಸರಾಸರಿ ವರ್ಷಕ್ಕೆ 1.55 ಲಕ್ಷದಷ್ಟು ಬಂತು. ಹಳೇ ಗಾಡಿಯ ಮುಂದಿನ ವರ್ಷದ ಖರ್ಚನ್ನು ಈ 1.55ರ ಜೊತೆ ಹೋಲಿಸಬೇಕು, ತನ್ನದೇ ಹಳೇ ಸರಾಸರಿ ಜೊತೆ ಅಲ್ಲ. ಐದನೇ ವರ್ಷ 1.24 ಇತ್ತು, ಇಟ್ಟುಕೊಂಡದ್ದು ಸರಿ. ಆರನೇ ವರ್ಷ 1.63, ಅಂದರೆ ಮಾರಬೇಕು. ಹೊಸ ಗಾಡಿ ಇನ್ನೊಂದು 50 ಸಾವಿರ ದುಬಾರಿ ಇದ್ದಿದ್ದರೆ ಕಾಕಾನೇ ಗೆಲ್ಲುತ್ತಿದ್ದರು. ಅವರಿಗೆ ಇದನ್ನು ನಾನು ಹೇಳಿಲ್ಲ.

ಇನ್ನೊಂದು ಸಂಗತಿ: 3ನೇ ವರ್ಷದಿಂದ 5ರ ತನಕ ಸರಾಸರಿ ಹೆಚ್ಚುಕಡಿಮೆ ಸಮ. 138, 134, 132. ಹಾಗಾಗಿ ಐದಕ್ಕೆ ಆರು ತಿಂಗಳು ಮೊದಲು ಒಳ್ಳೆ ಗಿರಾಕಿ ಬಂದರೆ ಕೊಟ್ಟುಬಿಡಿ, ನಷ್ಟ ಇಲ್ಲ. ತಡ ಮಾಡಿದರೆ ಮಾತ್ರ ಪೆಟ್ಟು. ಮುಂದೆ ಎಂಟು ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ಎರಡು ವರ್ಷಕ್ಕಲ್ಲ, ಪ್ರತಿ ವರ್ಷ ಮಾಡಿಸಬೇಕು. ಏಜೆಂಟರಿಗೆ ಇದು ಚೆನ್ನಾಗಿ ಗೊತ್ತು, ಏಳನೇ ವರ್ಷದಿಂದಲೇ ಬೆಲೆ ಹಿಂಡುತ್ತಾರೆ. ಯಾವ ತಿಂಗಳಲ್ಲಿ ಮಾರಿದರೆ ಜಾಸ್ತಿ ಬರುತ್ತೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಊರಲ್ಲಿ ನನ್ನ ಹಾಗೆ ಮಾರುವವರು ಈಗಲೇ ಇಬ್ಬರು ಆಗಿದ್ದಾರೆ.

ಖಾನಾಪುರ ಲೈನಿಗೆ ನಮ್ಮದು ಮೂರನೇ ಗಾಡಿ ಇದೆ. ಅದಕ್ಕೆ ಈ ಟೇಬಲ್ ಹೊಂದಲ್ಲ. ಆ ಕಡೆ ಮಳೆ, ಕೆಂಪು ಕೆಸರು, ಏರು ರಸ್ತೆ. ಸ್ಪ್ರಿಂಗ್ ಪಟ್ಟಿ, ಕ್ಲಚ್, ತಳದ ತುಕ್ಕು ಎಲ್ಲ ಬೇಗ ಬರುತ್ತವೆ. ಸವದತ್ತಿ ಗಾಡಿಯಲ್ಲಿ ಆರನೇ ವರ್ಷ ಕಂಡ ಏರಿಕೆ ಇದರಲ್ಲಿ ಐದಕ್ಕೇ ಶುರುವಾಗಿದೆ. ಒಂದೇ ಕಂಪನಿ ಗಾಡಿ ಆದರೂ ಲೈನಿಗೊಂದು ಹಾಳೆ ಬೇಕು.

ಆ ಗಾಡಿಗೆ ಇಂಜಿನ್ ಬಿಚ್ಚಿ ಮಾಡಿಸಿ ಅಂತ ಉದ್ಯಮಬಾಗದ ಗ್ಯಾರೇಜಿನವರು 45 ಸಾವಿರ ಹೇಳಿದ್ದಾರೆ. ಮಾಡಿಸಿದರೆ ಮಾರಾಟದ ಬೆಲೆ ಹತ್ತು ಸಾವಿರ ಏರಿದರೆ ಹೆಚ್ಚು. ಉಳಿದ 35 ಮುಂದಿನ ಎರಡು ವರ್ಷದ ರಿಪೇರಿಯಲ್ಲಿ ಉಳಿಯಬೇಕು. ಆದರೆ ಅಲ್ಲಿ ಖರ್ಚು ಬರುತ್ತಿರುವುದು ಇಂಜಿನ್‌ಗಿಂತ ಕೆಳಗಿನ ಕೆಲಸಕ್ಕೆ. ಅದಕ್ಕೇ ಬೇಡ ಅಂದೆ. ಈ ಸಲ ಗಾಡಿಯನ್ನು ಏಜೆಂಟರ ಹತ್ತಿರ ಒಯ್ಯುವುದು ಬರೀ ಬೆಲೆ ಕೇಳಲು ಅಲ್ಲ.