ಶಿಷ್ಯರ ನೆನಪನ್ನು ಒರೆಗೆ ಹಚ್ಚುವುದು ಹೇಗೆ?

ಹೆಸರಾಂತ ಮೇಷ್ಟ್ರೊಬ್ಬರು ತೀರಿಕೊಂಡು ಆರು ತಿಂಗಳಾಗಿದೆ ಎಂದಿಟ್ಟುಕೊಳ್ಳಿ. ಜಗಳೂರು ಕಡೆಯ ವೃದ್ಧ ಶಿಷ್ಯರೊಬ್ಬರ ಸಂದರ್ಶನ ನಿಮ್ಮ ಕೈಗೆ ಬಂದಿದೆ. ಅದರಲ್ಲಿ ಅವರು ಹೇಳುತ್ತಾರೆ: ‘1962ರಲ್ಲಿ ಫೀಸು ಕಟ್ಟೋಕಾಗದೆ ಶಾಲೆ ಬಿಟ್ಟಿದ್ದೆ. ಮೇಷ್ಟ್ರು ಮನೆಗೇ ಬಂದು ನಾಲ್ಕಾಣೆ ಕೊಟ್ಟು ಕರ್ಕೊಂಡು ಹೋದ್ರು. ದಾವಣಗೆರೆ ಜಿಲ್ಲೇಲೇ ಅಂಥವರು ಇರಲಿಲ್ಲ.’ ಇದನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೊದಲು ಬರಹರೂಪವನ್ನು ಬದಿಗಿಟ್ಟು ಧ್ವನಿಮುದ್ರಣವನ್ನೇ ಪೂರ್ತಿ ಕೇಳಿ. ಉತ್ತರಕ್ಕಿಂತ ಪ್ರಶ್ನೆಯ ಮೇಲೆ ಗಮನವಿರಲಿ. ‘ಮೇಷ್ಟ್ರು ಬಡ ಮಕ್ಕಳ ಫೀಸು ಕಟ್ತಿದ್ರಂತಲ್ಲ?’ ಎಂದು ಸಂದರ್ಶಕರೇ ಎತ್ತಿಕೊಟ್ಟಿದ್ದರೆ, ಹಿರಿಯರ ‘ಹೌದು’ಗೆ ಬೆಲೆ ಕಡಿಮೆ. ‘ಶಾಲೆ ಬಿಟ್ಟಿದ್ದು ಯಾಕೆ?’ ಎಂಬ ಪ್ರಶ್ನೆಗೆ ಅದೇ ಮಾತು ತಾನಾಗಿ ಬಂದಿದ್ದರೆ ಬೆಲೆ ಹೆಚ್ಚು.

ಎರಡನೇ ಸಲ ಕೇಳುವಾಗ ಪ್ರತಿ ಸಂಗತಿಯ ಪಕ್ಕದಲ್ಲಿ ಕಂಡದ್ದು, ಕೇಳಿದ್ದು, ಓದಿದ್ದು ಎಂದು ಗುರುತು ಹಾಕಿ. ಮೇಷ್ಟ್ರು ಮನೆಗೆ ಬಂದಿದ್ದು ಕಂಡದ್ದು. ‘ಅಂಥವರು ಇರಲಿಲ್ಲ’ ಎನ್ನುವುದು ಅಭಿಮಾನದ ಮಾತು. ಅದನ್ನು ಅಭಿಮಾನವೆಂದೇ ದಾಖಲಿಸಬೇಕು.

ಇನ್ನು ಕಾಲದ ಪರೀಕ್ಷೆ. ಅವಸರದ ತೀರ್ಪು ಹೆಚ್ಚಾಗಿ ಎಡವುವುದು ಇಲ್ಲೇ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; 1962ರಲ್ಲಿ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹಾಗೆಂದು ಹೇಳಿಕೆ ಸುಳ್ಳಾಗುವುದಿಲ್ಲ, ಇಂದಿನ ಹೆಸರು ಹಳೆಯ ನೆನಪಿಗೆ ಅಂಟಿಕೊಂಡಿದೆ ಅಷ್ಟೆ. ಆಣೆಯ ಲೆಕ್ಕವೂ 1957ರಲ್ಲೇ ಹೋಗಿತ್ತು, ಆದರೆ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎನ್ನುವುದನ್ನು ಜನ ಬಿಡಲಿಲ್ಲ. ಹಾಗಾಗಿ ಆ ಪದ ಘಟನೆಯ ವರ್ಷವನ್ನು ಸಾಧಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ನಿಜವಾಗಿ ಅನುಮಾನಿಸಬೇಕಾದದ್ದು ‘1962’ ಎಂಬ ಅಂಕಿಯನ್ನು. ವರ್ಷಕ್ಕಿಂತ ‘ಆಗ ಎಷ್ಟನೇ ಕ್ಲಾಸು?’ ಎಂಬುದು ಗಟ್ಟಿಯಾಗಿ ನೆನಪಿರುತ್ತದೆ. ಆ ಉತ್ತರವನ್ನು ಶಾಲೆಯ ದಾಖಲಾತಿ ಪುಸ್ತಕದ ಜೊತೆ ಹೋಲಿಸಿ. ವಯಸ್ಸಿನ ಲೆಕ್ಕ ಬೇಡ. ಆ ಕಾಲದಲ್ಲಿ ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ್ದೇ ಹೆಚ್ಚು.

ಇನ್ನೊಬ್ಬ ಶಿಷ್ಯರೂ ಇದನ್ನೇ ಹೇಳಿದರೆ ಇಬ್ಬರು ಸಾಕ್ಷಿಗಳು ಸಿಕ್ಕರೆಂದು ಹಿಗ್ಗಬೇಡಿ. ಪದಕ್ಕೆ ಪದ ಹೊಂದಿದರೆ ಮೂಲ ಒಂದೇ ಇರಬಹುದು: ನುಡಿನಮನ ಸಭೆಯ ಭಾಷಣ ಅಥವಾ ಪತ್ರಿಕೆಯ ಶ್ರದ್ಧಾಂಜಲಿ ಲೇಖನ. ಸಂದರ್ಶನದ ದಿನಾಂಕ ಅವುಗಳಿಗಿಂತ ಮುಂಚಿನದೋ ನಂತರದ್ದೋ ನೋಡಿ. ಸ್ವತಂತ್ರ ನೆನಪುಗಳು ಅಂಚಿನಲ್ಲಿ ಬೇರೆಯಾಗಿರುತ್ತವೆ. ಒಬ್ಬರಿಗೆ ಅವ್ವ ಅತ್ತದ್ದು ನೆನಪಿದ್ದರೆ, ಇನ್ನೊಬ್ಬರಿಗೆ ಮೇಷ್ಟ್ರ ಸೈಕಲ್ಲು.

ಮೇಷ್ಟ್ರ ಮಕ್ಕಳು, ಸೊಸೆಯಂದಿರ ಮಾತಿನ ತೂಕ ಬೇರೆ. ಮನೆಯ ದಿನಚರಿಗೆ ಅವರೇ ನೇರ ಸಾಕ್ಷಿ, ತರಗತಿಯ ವಿಷಯದಲ್ಲಿ ಮಾತ್ರ ಕೇಳಿದವರು. ದುಃಖ ಹಸಿಯಾಗಿರುವಾಗ ಮನೆಯ ಜಗಳ, ಸಾಲ, ಮುನಿಸು ಹೊರಬರುವುದಿಲ್ಲ. ಅದನ್ನು ಕೆದಕುವುದೂ ಸಲ್ಲ. ವರ್ಷ ಕಳೆದ ಮೇಲೆ, ಅವರು ಒಪ್ಪಿದರೆ, ಮತ್ತೊಮ್ಮೆ ಮಾತಾಡಿಸಿ. ಎರಡೂ ಧ್ವನಿಮುದ್ರಣಗಳನ್ನು ತಿದ್ದದೆ ಇಟ್ಟುಕೊಳ್ಳಿ.

ತೀರ್ಪನ್ನು ಇಡೀ ಸಂದರ್ಶನಕ್ಕೆ ಕೊಡದೆ ಒಂದೊಂದು ಹೇಳಿಕೆಗೆ ಬರೆಯಿರಿ: ‘ಮೇಷ್ಟ್ರು ಮನೆಗೆ ಬಂದದ್ದು: ನೇರ ಸಾಕ್ಷಿ, ನಂಬಬಹುದು. ವರ್ಷ: ದಾಖಲಾತಿ ಪುಸ್ತಕ ನೋಡುವವರೆಗೆ ಅನಿಶ್ಚಿತ.’