13 ಲಕ್ಷ ಬೇಡ ಎಂದಿದ್ದು ಯಾಕೆ: ನನ್ನ ಅನುಭವ

ಹಳೆಯ ಪಾಲುದಾರಿಕೆಯಲ್ಲಿದ್ದ ನನ್ನ ಪಾಲನ್ನು ಮಾರುವಾಗ ಎರಡು ಆಫರ್ ಬಂದವು. ಒಬ್ಬರು ಈಗಲೇ 10 ಲಕ್ಷ ಕೊಡುತ್ತೇವೆ ಎಂದರು. ಇನ್ನೊಬ್ಬರದ್ದು ವರ್ಷಕ್ಕೆ 2.6 ಲಕ್ಷದಂತೆ ಐದು ಕಂತು, ಮೊದಲನೆಯದು ಒಂದು ವರ್ಷದ ನಂತರ. ಒಟ್ಟು 13 ಲಕ್ಷ. ‘ಮೂರು ಲಕ್ಷ ಜಾಸ್ತಿ ಸಿಗುತ್ತೆ, ಯೋಚಿಸೋದೇನಿದೆ?’ ಎಂದು ಜೊತೆಗಿದ್ದವರೆಲ್ಲ ಹೇಳಿದರು.

ಮುಂದೆ ಬರುವ ದುಡ್ಡನ್ನು ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಿ ಹೋಲಿಸಬೇಕು. ಜಗಳ ನಡೆದದ್ದು ಆ ಬಡ್ಡಿ ದರದ ಮೇಲೆ. 8% ಹಾಕಿದರೆ ಕಂತುಗಳ ಈಗಿನ ಬೆಲೆ ಸುಮಾರು 10.4 ಲಕ್ಷ, 10% ಹಾಕಿದರೆ 9.9 ಲಕ್ಷ. ಸುಮಾರು 9.4% ಹತ್ತಿರ ಎರಡೂ ಸಮ. ಅಂದರೆ ದರ ಯಾವುದು ಎನ್ನುವುದೇ ಉತ್ತರ. ಡೆಪಾಸಿಟ್ ದರ ಹಾಕಿ ನೋಡು ಎಂದರು. ನನ್ನ ತಲೆ ಮೇಲೆ 12% ಬಡ್ಡಿಯ ಸಾಲ ಇತ್ತು, ಅದೂ ಹೆಚ್ಚುಕಮ್ಮಿ 10 ಲಕ್ಷ. ಬಂದ ದುಡ್ಡು ಹೋಗುವುದೇ ಅಲ್ಲಿಗೆ. ಹಾಗಾಗಿ ನನ್ನ ದರ 12%.

ಆ ದರಕ್ಕೆ ಮೊದಲ ವರ್ಷದ ಡಿಸ್ಕೌಂಟ್ ಫ್ಯಾಕ್ಟರ್, ಅಂದರೆ ಆಗ ಬರುವ ಒಂದು ರೂಪಾಯಿಯ ಈಗಿನ ಬೆಲೆ, 0.893, ಐದನೆಯದಕ್ಕೆ 0.567. ಕೊನೆಯ 2.6 ಲಕ್ಷದ ಈಗಿನ ಬೆಲೆ ಒಂದೂವರೆ ಲಕ್ಷಕ್ಕೂ ಸ್ವಲ್ಪ ಕಡಿಮೆ! ಐದನ್ನೂ ಕೂಡಿದರೆ 9.37 ಲಕ್ಷ.

ಯಾರೂ ಒಪ್ಪಲಿಲ್ಲ. ಆಗ ಫ್ಯಾಕ್ಟರ್ ಪಕ್ಕಕ್ಕಿಟ್ಟು ಸಾಲದ ಲೆಕ್ಕವನ್ನೇ ಹಾಳೆಯಲ್ಲಿ ಬರೆದೆ. 10 ಲಕ್ಷಕ್ಕೆ ವರ್ಷದ ಬಡ್ಡಿ ಸೇರಿ 11.2 ಆಯಿತು, ಕಂತು ಕಟ್ಟಿದರೆ 8.6 ಉಳಿಯಿತು. ಹೀಗೆ ಮುಂದುವರಿಸಿದರೆ ಐದನೇ ಕಂತು ಕಟ್ಟಿದ ಮೇಲೂ ಸುಮಾರು 1.1 ಲಕ್ಷ ಸಾಲ ಬಾಕಿ. ನಗದು ತೆಗೆದುಕೊಂಡರೆ ಸಾಲ ಅವತ್ತೇ ಸೊನ್ನೆ. ಇದನ್ನು ನೋಡಿದ ಮೇಲೆ ವಾದ ಮುಗಿಯಿತು.

ಸುಮ್ನೆ ಕುತೂಹಲಕ್ಕೆ ಮೊದಲ ಕಂತನ್ನು ಇವತ್ತಿಗೇ ಎಳೆದು ನೋಡಿದೆ. ಮೊತ್ತ ಅದೇ, ಕಂತೂ ಐದೇ, ಆದರೆ ಬೆಲೆ 10.5 ಲಕ್ಷ! ಪ್ರತಿ ಕಂತೂ ಒಂದು ವರ್ಷ ಮುಂಚೆ ಬರುತ್ತದೆ, ಅಲ್ವಾ? ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ, ಮೊದಲ ಸಾಲು ವರ್ಷದ ನಂತರ ಶುರುವಾಗುವ ಕಂತಿಗೆ, ಎರಡನೆಯದು ಇವತ್ತೇ ಶುರುವಾಗುವುದಕ್ಕೆ:

```
=PV(12%,5,-2.6)
=PV(12%,5,-2.6,0,1)
```

ಇಲ್ಲಿ `NPV` ಬಳಸುವವರು ಜೋಪಾನ. ಅದು ಮೊದಲ ಮೊತ್ತವನ್ನೂ ಒಂದು ವರ್ಷದ ನಂತರದ್ದೆಂದೇ ಹಿಡಿಯುತ್ತದೆ. ಒಂದೇ 2.6 ಹಾಕಿ ನೋಡಿ, 2.32 ಬರುತ್ತದೆ. ಇವತ್ತು ಕೈಗೆ ಬರುವ ಕಂತನ್ನು ಹೊರಗಿಟ್ಟು ಆಮೇಲೆ ಕೂಡಬೇಕು.

ಆ ಲೆಕ್ಕ ಹಿಡಿದುಕೊಂಡು ಕಂತಿನವರ ಹತ್ತಿರ ಹೋದೆ. ಮೊದಲ ಕಂತು ಸಹಿಯ ದಿನವೇ ಬೇಕು ಎಂದೆ, ಒಪ್ಪಿದರು. ಹೇಗೆ ಒಪ್ಪಿಸಿದೆ ಎನ್ನುವುದು ನನ್ನಲ್ಲೇ ಇರಲಿ. ಉಳಿದ ಕಂತುಗಳು ತಪ್ಪಿದರೆ ಅನ್ನುವ ಭಯಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ ಪಡೆದೆ. ಅದಿಲ್ಲದಿದ್ದರೆ ಆ ಅರ್ಧ ಲಕ್ಷದ ಲಾಭಕ್ಕಾಗಿ ನಗದನ್ನು ಬಿಡುತ್ತಿರಲಿಲ್ಲ. ನಾಲ್ಕು ವರ್ಷಕ್ಕೇ ಸಾಲ ತೀರಿತು, ಕೈಯಲ್ಲಿ ಮುಕ್ಕಾಲು ಲಕ್ಷದ ಮೇಲೆ ಉಳಿಯಿತು.